ಪ್ರಾಜೆಕ್ಟ್ ರಿಸ್ಕ್ ಸರ್ಟಿಫಿಕೇಟ್ ಬ್ಯಾಂಕಿನ ರಿಸ್ಕ್ ವಿಭಾಗಕ್ಕೆ ಸಾಕಾ?

ಕಟ್‌ಓವರ್_ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕ್ ಉದ್ಯೋಗಿ. ಮೊದಲು ಸಾಲದ ವಿಭಾಗದಲ್ಲಿದ್ದೆ, ಆಮೇಲೆ ಕೋರ್ ಬ್ಯಾಂಕಿಂಗ್ ಬದಲಾಯಿಸುವ ಪ್ರಾಜೆಕ್ಟಿಗೆ ಹಾಕಿದರು. ಅಲ್ಲಿ ರಿಸ್ಕ್ ರಿಜಿಸ್ಟರ್ ನೋಡಿಕೊಳ್ಳುವ ಕೆಲಸ ನನ್ನದು. ವಾರಕ್ಕೊಮ್ಮೆ ಎಲ್ಲರನ್ನೂ ಕೂರಿಸಿ ಏನೇನು ಕೆಡಬಹುದು ಅಂತ ಬರೆಯುವುದು, ಅದಕ್ಕೆ ಸಂಭವ ಮತ್ತು ಹೊಡೆತ ಹಾಕುವುದು, ಯಾರು ನೋಡಿಕೊಳ್ಳಬೇಕು ಅಂತ ಹೆಸರು ಬರೆಯುವುದು.

ಪ್ರಾಜೆಕ್ಟ್ ಮುಗಿಯುತ್ತಾ ಬಂತು. ಈಗ ರಿಸ್ಕ್ ವಿಭಾಗದಲ್ಲಿ ಒಂದು ಜಾಗ ಖಾಲಿ ಇದೆ, ಅರ್ಜಿ ಹಾಕಬೇಕು ಅಂತಿದ್ದೇನೆ. ಪಿಎಂಐ-ಆರ್‌ಎಂಪಿ ಅನ್ನುವ ಪ್ರಾಜೆಕ್ಟ್ ರಿಸ್ಕ್ ಪರೀಕ್ಷೆಗೆ ಬೇಕಾದ ಅನುಭವ ನನಗಿದೆ, ಬೇಗ ಮುಗಿಸಬಹುದು. ಆದರೆ ಒಬ್ಬ ಹಿರಿಯರು "ಅದು ಇಲ್ಲಿ ನಡೆಯಲ್ಲ, ಎಫ್‌ಆರ್‌ಎಂ ಮಾಡು" ಅಂದರು. ಎಫ್‌ಆರ್‌ಎಂ ಅಂದರೆ ಹಣಕಾಸಿನ ರಿಸ್ಕ್ ಸರ್ಟಿಫಿಕೇಟ್. ಯಾಕೆ ಹಾಗೆ ಅಂತ ಹೇಳಲಿಲ್ಲ. ಎರಡರಲ್ಲೂ ರಿಸ್ಕ್ ಅಂತಲೇ ಇದೆ ಅಲ್ವಾ? ನಿಜವಾದ ವ್ಯತ್ಯಾಸ ಏನು?

ಗಡುವು_ಮುಖ್ಯ

ಸುಮ್ನೆ ಹೆದರಿಸಿದ್ದಾರೆ ಅನಿಸುತ್ತೆ. ರಿಸ್ಕ್ ಎಲ್ಲಿದ್ದರೂ ಅದೇ ಲೆಕ್ಕ. ಸಂಭವವನ್ನು ಹೊಡೆತದಿಂದ ಗುಣಿಸಿ, ದೊಡ್ಡದನ್ನು ಮೊದಲು ನೋಡಿ, ಮೀಸಲು ಹಣ ಇಡಿ. ನಾನು ಕಟ್ಟಡದ ಪ್ರಾಜೆಕ್ಟುಗಳಲ್ಲಿ ಮಾಡಿದ್ದೇನೆ, ಸಾಫ್ಟ್‌ವೇರ್‌ನಲ್ಲೂ ಮಾಡಿದ್ದೇನೆ. ಬ್ಯಾಂಕಿನವರು ಅದಕ್ಕೆ ಬೇರೆ ಹೆಸರು ಕೊಟ್ಟುಕೊಂಡಿದ್ದಾರೆ ಅಷ್ಟೆ. ಆರ್‌ಎಂಪಿ ಪರೀಕ್ಷೆ 115 ಪ್ರಶ್ನೆ, ಎರಡೂವರೆ ಗಂಟೆ. ಅನುಭವ ಇದೆ ಅಂದಮೇಲೆ ಇದನ್ನೇ ಮುಗಿಸಿ. ಎಫ್‌ಆರ್‌ಎಂಗೆ ಎರಡು ಪರೀಕ್ಷೆ, ಒಂದೊಂದೂ ನಾಲ್ಕು ಗಂಟೆ, ಅಷ್ಟು ವರ್ಷ ಯಾಕೆ ಕಳೆಯಬೇಕು?

ಆಡಿಟ್_ಕಣ್ಣು

ರಿಸ್ಕ್ ನಿರ್ವಹಣೆಯ ಐಎಸ್‌ಒ 31000 ಮರೆತಿದ್ದೀರಿ. ನಮ್ಮ ಕಂಪನಿಯಲ್ಲಿ ರಿಸ್ಕ್ ಅಂದರೆ ಅದೇ. ಕಂಪನಿಗೆ ಅದರ ಸರ್ಟಿಫಿಕೇಟ್ ಸಿಕ್ಕಿದರೆ ನಿಮಗೂ ಬೆಲೆ ಬರುತ್ತೆ.

ಹಳೇ_ಲೆಡ್ಜರ್

ಆಡಿಟ್ ಅವರೇ, ಪ್ರಶ್ನೆ ಕೇಳಿರುವುದು ವ್ಯಕ್ತಿಯ ಅರ್ಹತೆ ಬಗ್ಗೆ. ಮತ್ತೆ ಐಎಸ್‌ಒ 31000 ಬರೀ ಮಾರ್ಗಸೂಚಿ. ಸಂಸ್ಥೆಗೆ ಸರ್ಟಿಫಿಕೇಟ್ ಕೊಡುವುದಕ್ಕೆ ಬರೆದ ಮಾನದಂಡ ಅಲ್ಲ. ಅದರ ಮೇಲೆ ತರಬೇತಿ ಕೊಟ್ಟು ಖಾಸಗಿಯವರು ವ್ಯಕ್ತಿಗಳಿಗೆ ಪ್ರಮಾಣಪತ್ರ ಕೊಡುತ್ತಾರೆ, ಅದು ಬೇರೆ ವಿಷಯ.

ಈಗ ಮೂಲ ಪ್ರಶ್ನೆಗೆ ಬರೋಣ. ಗಡುವು ಅವರು ಹೇಳಿದ್ದರಲ್ಲಿ ಅರ್ಧ ಸರಿ. ಎಷ್ಟು ಸರಿ ಅಂತ ತೋರಿಸುವುದಕ್ಕೆ ಒಂದೇ ಉದಾಹರಣೆ ತೆಗೆದುಕೊಂಡು ಕೊನೆಯವರೆಗೆ ಹೋಗುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಿಮ್ಮ ರಿಜಿಸ್ಟರ್‌ನಲ್ಲಿ ಒಂದು ಸಾಲು ಹೀಗಿರುತ್ತೆ ಅಂದುಕೊಳ್ಳಿ: ಹಳೆ ಡೇಟಾ ಹೊಸ ಸಿಸ್ಟಂಗೆ ಸರಿಯಾಗಿ ಕೂರದಿರುವುದು, ಸಂಭವ ಶೇ. 30, ಹಾಗೇನಾದರೂ ನಡೆದರೆ ಆಗುವ ಖರ್ಚು 40 ಲಕ್ಷ. ಗುಣಿಸಿದರೆ 12 ಲಕ್ಷ. ಇಂಥ ಸಾಲುಗಳನ್ನೆಲ್ಲ ಕೂಡಿಸಿ ಪ್ರಾಜೆಕ್ಟಿನ ಮೀಸಲು ಹಣ ಇಡುತ್ತೀರಿ.

ಈಗ ಬ್ಯಾಂಕಿನ ಕಡೆ ಬನ್ನಿ. ಒಂದು ಸಾವಿರ ಗೃಹ ಸಾಲ, ಒಂದೊಂದೂ 10 ಲಕ್ಷ. ಒಟ್ಟು 100 ಕೋಟಿ. ಒಂದು ವರ್ಷದಲ್ಲಿ ಸಾಲಗಾರ ಕಟ್ಟದೇ ಹೋಗುವ ಸಂಭವ ಶೇ. 2. ಕಟ್ಟದಿದ್ದಾಗ ಮನೆ ಮಾರಿ, ಖರ್ಚೆಲ್ಲ ಕಳೆದು, ಬ್ಯಾಂಕಿಗೆ ಕೊನೆಗೆ ಆಗುವ ನಷ್ಟ ಸಾಲದ ಶೇ. 25, ಅಂದರೆ ಎರಡೂವರೆ ಲಕ್ಷ. ಸಾವಿರದಲ್ಲಿ 20 ಸಾಲ ಕೆಡುತ್ತೆ, 20 ಗುಣಿಸು ಎರಡೂವರೆ ಲಕ್ಷ, 50 ಲಕ್ಷ ನಷ್ಟ. ಇಲ್ಲಿಯವರೆಗೆ ನಿಮ್ಮ ಲೆಕ್ಕ, ಬ್ಯಾಂಕಿನ ಲೆಕ್ಕ ಒಂದೇ.

ಆದರೆ ಬ್ಯಾಂಕಿನಲ್ಲಿ ಈ 50 ಲಕ್ಷವನ್ನು ಯಾರೂ ರಿಸ್ಕ್ ಅಂತಲೇ ನೋಡುವುದಿಲ್ಲ. ಅದು ಪ್ರತಿ ವರ್ಷ ಬರುವ ಖರ್ಚು. ಬಡ್ಡಿದರ ನಿಗದಿ ಮಾಡುವಾಗಲೇ ಶೇ. 0.5 ಅದಕ್ಕೆ ಅಂತ ಸೇರಿಸಿರುತ್ತಾರೆ, ಪ್ರಾವಿಷನ್ ಮಾಡಿರುತ್ತಾರೆ. ರಿಸ್ಕ್ ವಿಭಾಗದ ತಲೆನೋವು ಶುರುವಾಗುವುದು ಅಲ್ಲಿಂದ ಮುಂದೆ. 20 ಕೆಡಬೇಕಾದ ಕಡೆ ಎಷ್ಟು ಕೆಡಬಹುದು? ತುಂಬ ಕೆಟ್ಟ ವರ್ಷ ಅಂದರೆ ಎಷ್ಟು ಕೆಟ್ಟದ್ದು?

ಸಾವಿರ ಜನ ಒಬ್ಬರಿಗೊಬ್ಬರು ಸಂಬಂಧ ಇಲ್ಲದಂತೆ ಕೆಡುತ್ತಾರೆ ಅಂದುಕೊಂಡರೆ, ಸಾವಿರ ವರ್ಷಕ್ಕೊಮ್ಮೆ ಬರುವಷ್ಟು ಕೆಟ್ಟ ವರ್ಷದಲ್ಲೂ 35ರ ಆಸುಪಾಸು ಸಾಲ ಕೆಡುತ್ತೆ. ನಷ್ಟ 90 ಲಕ್ಷದ ಒಳಗೆ. ಆದರೆ ಜನ ಹಾಗೆ ಕೆಡುವುದಿಲ್ಲ. ಕೆಲಸ ಹೋದರೆ ಸುಮಾರು ಜನಕ್ಕೆ ಒಟ್ಟಿಗೆ ಹೋಗುತ್ತೆ. ಬಡ್ಡಿ ಏರಿದರೆ ಎಲ್ಲರಿಗೂ ಏರುತ್ತೆ. ಬ್ಯಾಂಕುಗಳ ಬಂಡವಾಳಕ್ಕೆ ಇರುವ ಅಂತರರಾಷ್ಟ್ರೀಯ ಬಾಸೆಲ್ ನಿಯಮಗಳಲ್ಲಿ ಗೃಹ ಸಾಲಕ್ಕೆ ಈ ಒಟ್ಟಿಗೆ ಕೆಡುವ ಪ್ರಮಾಣವನ್ನು 0.15 ಅಂತ ನಿಗದಿ ಮಾಡಿದ್ದಾರೆ. ಎಕ್ಸೆಲ್‌ನಲ್ಲಿ ನೀವೇ ಹಾಕಿ ನೋಡಬಹುದು:

```
=NORM.S.DIST((NORM.S.INV(0.02)+SQRT(0.15)*NORM.S.INV(0.999))/SQRT(1-0.15),TRUE)
```

ಉತ್ತರ 0.176 ಬರುತ್ತೆ. ಅಂದರೆ ಸಾವಿರದಲ್ಲಿ 176 ಸಾಲ. 35 ಅಲ್ಲ. ನಷ್ಟ 4 ಕೋಟಿ 40 ಲಕ್ಷ. ಅದರಲ್ಲಿ 50 ಲಕ್ಷ ಆಗಲೇ ಬಡ್ಡಿ, ಪ್ರಾವಿಷನ್‌ನಲ್ಲಿ ಬಂದಿದೆ. ಉಳಿದ 3 ಕೋಟಿ 90 ಲಕ್ಷಕ್ಕೆ ಬ್ಯಾಂಕ್ ತನ್ನ ಸ್ವಂತ ಬಂಡವಾಳ ಇಟ್ಟುಕೊಂಡಿರಬೇಕು.

ಎಫ್‌ಆರ್‌ಎಂ ಪಠ್ಯದ ಬಹುಪಾಲು ಈ 50 ಲಕ್ಷದಿಂದ 4 ಕೋಟಿ 40 ಲಕ್ಷದ ನಡುವಿನ ಜಾಗದ ಬಗ್ಗೆಯೇ ಇದೆ. ಸಾಲಕ್ಕೆ ಹೇಗೆ, ಷೇರು ಬಾಂಡಿಗೆ ಹೇಗೆ, ಕೈಯಲ್ಲಿ ನಗದು ಕಡಿಮೆ ಬಿದ್ದಾಗ ಹೇಗೆ ಅಂತ. ಆರ್‌ಎಂಪಿ ಪಠ್ಯದಲ್ಲಿ ಇದು ಇಲ್ಲ. ಪ್ರಾಜೆಕ್ಟಿಗೆ ಅದು ಬೇಕಾಗಿಲ್ಲ, ಅದಕ್ಕೇ ಇಲ್ಲ.

ಗಡುವು_ಮುಖ್ಯ

ಲೆಡ್ಜರ್ ಸರ್, ಒಳ್ಳೆ ಉದಾಹರಣೆ, ಆದರೆ ಪ್ರಾಜೆಕ್ಟಿನವರಿಗೆ ಅನ್ಯಾಯ ಮಾಡಿದಿರಿ. ನಾವೂ ಬರೀ ಗುಣಾಕಾರ ಮಾಡಿ ಬಿಡುವುದಿಲ್ಲ. ಮಾಂಟೆ ಕಾರ್ಲೊ ಓಡಿಸುತ್ತೇವೆ, ಅಂದರೆ ಅಂಕಿ ಬದಲಾಯಿಸುತ್ತಾ ಕಂಪ್ಯೂಟರ್‌ನಲ್ಲಿ ಸಾವಿರಾರು ಸಲ ಲೆಕ್ಕ ಹಾಕುತ್ತೇವೆ. ಒಂದೇ ಗುತ್ತಿಗೆದಾರನ ಮೇಲೆ ನಿಂತ ಎರಡು ಕೆಲಸ ಇದ್ದರೆ ಅವು ಒಟ್ಟಿಗೆ ತಡ ಆಗುತ್ತವೆ ಅಂತ ಕೊರಿಲೇಷನ್ ಕೂಡ ಹಾಕುತ್ತೇವೆ. ಶೇ. 80 ಭರವಸೆಯ ದಿನಾಂಕ ಕೊಡುತ್ತೇವೆ. ಅದೂ ಎಷ್ಟು ಕೆಟ್ಟದಾಗಬಹುದು ಅನ್ನುವ ಲೆಕ್ಕವೇ.

ಹಳೇ_ಲೆಡ್ಜರ್

ಒಪ್ಪಿದೆ, ಅದನ್ನು ಹೇಳಬೇಕಿತ್ತು. ಚೆನ್ನಾಗಿ ಮಾಡುವವರು ಪ್ರಾಜೆಕ್ಟಿನಲ್ಲೂ ಕೊರಿಲೇಷನ್ ಹಾಕುತ್ತಾರೆ. ಗಣಿತದ ಸಲಕರಣೆ ಎರಡೂ ಕಡೆ ಇದೆ.

ಆದರೆ ನಿಮ್ಮ 80 ಮತ್ತು ಬ್ಯಾಂಕಿನ 99.9 ನೋಡಿ. ಎಕ್ಸೆಲ್ ಸಾಲಿನಲ್ಲಿದ್ದ 0.999 ಅದೇ, ಸಾವಿರ ವರ್ಷಕ್ಕೊಮ್ಮೆ ಮೀರುವುದು. ಶೇ. 80 ಅಂದರೆ ಐದರಲ್ಲಿ ಒಂದು ಸಲ ಮೀರುತ್ತೆ. ಮೀರಿದಾಗ ಏನು ಮಾಡುತ್ತೀರಿ? ಪ್ರಾಯೋಜಕರ ಹತ್ತಿರ ಹೋಗಿ ಇನ್ನಷ್ಟು ಹಣ, ಇನ್ನೆರಡು ತಿಂಗಳು ಕೇಳುತ್ತೀರಿ. ಅವರು ಬೈದು ಕೊಡುತ್ತಾರೆ, ಇಲ್ಲ ಕೆಲಸ ಕಡಿಮೆ ಮಾಡುತ್ತಾರೆ. ಪ್ರಾಜೆಕ್ಟಿಗೆ ಹಿಂದೆ ಒಬ್ಬ ಯಜಮಾನ ಇದ್ದಾನೆ. ಬ್ಯಾಂಕಿನ ಬಂಡವಾಳ ಮುಗಿದರೆ ಹಿಂದೆ ಇರುವುದು ಠೇವಣಿದಾರರ ದುಡ್ಡು. ಅದಕ್ಕೇ ಆ ಅಂಕಿಯನ್ನು ಬ್ಯಾಂಕ್ ತಾನೇ ಆರಿಸಿಕೊಳ್ಳುವಂತಿಲ್ಲ, ನಿಯಂತ್ರಕರು ಕೊಡುತ್ತಾರೆ. ಪ್ರಾಜೆಕ್ಟಿನಲ್ಲಿ 80 ಇರಲಿ, 90 ಇರಲಿ ಅಂತ ಮೀಟಿಂಗ್‌ನಲ್ಲಿ ಕೂತು ತೀರ್ಮಾನ ಮಾಡಬಹುದು.

ಇನ್ನೊಂದು, ಪ್ರಾಜೆಕ್ಟ್ ಮುಗಿಯುತ್ತೆ. ಉಳಿದ ಮೀಸಲು ಹಣ ವಾಪಸ್ ಹೋಗುತ್ತೆ, ರಿಜಿಸ್ಟರ್ ಮುಚ್ಚುತ್ತೆ. ಸಾಲದ ಪುಸ್ತಕ ಮುಚ್ಚುವುದಿಲ್ಲ. ಒಂದು ಸಾಲ ತೀರಿದರೆ ಇನ್ನೊಂದು ಬರುತ್ತೆ, ಬಂಡವಾಳ ಅಲ್ಲೇ ಇರಬೇಕು.

ಅಂಕಿ_ಸಂಖ್ಯೆ

ನಾನು ಮಾಡೆಲ್ ಪರಿಶೀಲನೆ ತಂಡದಲ್ಲಿದ್ದೇನೆ. ಬೇರೆಯವರು ಕಟ್ಟಿದ ಮಾಡೆಲ್ ಸರಿ ಇದೆಯಾ ಅಂತ ನೋಡುವುದು ನಮ್ಮ ಕೆಲಸ. ಲೆಡ್ಜರ್ ಅವರ ಉದಾಹರಣೆಯನ್ನೇ ಮುಂದುವರಿಸುತ್ತೇನೆ, ಯಾಕೆಂದರೆ ನನ್ನ ಪ್ರಕಾರ ದೊಡ್ಡ ವ್ಯತ್ಯಾಸ ಇರುವುದು 80, 99.9ರಲ್ಲಿ ಅಲ್ಲ.

ಕಟ್‌ಓವರ್ ಅವರ ರಿಜಿಸ್ಟರ್‌ನಲ್ಲಿ ಶೇ. 30 ಅಂತ ಇದೆ. ಅದು ಎಲ್ಲಿಂದ ಬಂತು? ಅನುಭವ ಇರುವ ನಾಲ್ಕಾರು ಜನ ಕೂತು ಹೇಳಿದ್ದು. ಪ್ರಾಜೆಕ್ಟ್ ಮುಗಿದಾಗ ಆ ತೊಂದರೆ ಆಗಿರುತ್ತೆ, ಇಲ್ಲ ಆಗಿರುವುದಿಲ್ಲ. ಆಗಿದ್ದರೆ 30 ತಪ್ಪಾ? ಆಗದಿದ್ದರೆ ಸರಿಯಾ? ಹೇಳೋಕೆ ಬರಲ್ಲ. ಒಂದೇ ಸಲ ನಡೆಯುವ ಕೆಲಸಕ್ಕೆ ಹಾಕಿದ ಸಂಭವವನ್ನು ಆಮೇಲೆ ಅಳೆದು ನೋಡುವ ದಾರಿ ಇಲ್ಲ.

ಬ್ಯಾಂಕಿನ ಶೇ. 2 ಹಾಗಲ್ಲ. ಅದನ್ನು ಪ್ರತಿ ವರ್ಷ ನಿಜವಾಗಿ ಕೆಟ್ಟ ಸಾಲಗಳ ಪಕ್ಕ ಇಟ್ಟು ನೋಡುತ್ತೇವೆ. ಅದೇ ಸಾವಿರ ಸಾಲದಲ್ಲಿ 20 ಕೆಡುತ್ತೆ ಅಂದಿದ್ದರು, 31 ಕೆಟ್ಟಿತು ಅಂದುಕೊಳ್ಳಿ. ಮಾಡೆಲ್ ತಪ್ಪಾ? ಸಾಲಗಳಿಗೆ ಒಂದಕ್ಕೊಂದು ಸಂಬಂಧ ಇಲ್ಲ ಅಂದರೆ 31 ಅಥವಾ ಅದಕ್ಕಿಂತ ಜಾಸ್ತಿ ಬರುವ ಸಂಭವ ನೂರಕ್ಕೆ ಒಂದರ ಆಸುಪಾಸು, ಹಾಗಾಗಿ ಮಾಡೆಲ್ ಮೇಲೆ ಅನುಮಾನ ಬರಬೇಕು. ಆದರೆ 0.15 ಸಂಬಂಧ ಇದೆ ಅಂದರೆ ಅಂಥ ವರ್ಷ ಐದು ವರ್ಷಕ್ಕೊಮ್ಮೆ ಬರುತ್ತೆ. ಏನೂ ವಿಶೇಷ ಇಲ್ಲ. ಒಂದೇ 31, ಎರಡು ತೀರ್ಪು. ಒಂದು ವರ್ಷದ ಅಂಕಿ ನೋಡಿ ಮಾಡೆಲ್ ಕೆಟ್ಟಿದೆ ಅನ್ನುವವರೂ ತಪ್ಪುತ್ತಾರೆ, "ಇಂಥ ವರ್ಷ ಬರುತ್ತೆ ಬಿಡಿ" ಅನ್ನುವವರೂ ತಪ್ಪುತ್ತಾರೆ. ಹಲವು ವರ್ಷ ಸತತವಾಗಿ 20ಕ್ಕಿಂತ ಮೇಲೆಯೇ ಬರುತ್ತಿದೆಯಾ, ಕಡಿಮೆ ರಿಸ್ಕ್ ಅಂತ ಗುರುತಿಸಿದ ಗುಂಪಿನಲ್ಲೇ ಜಾಸ್ತಿ ಕೆಡುತ್ತಿದೆಯಾ ಅಂತ ನೋಡಬೇಕು. ಎರಡನೆಯದು ಕಂಡರೆ ಅದು ಕೆಟ್ಟ ವರ್ಷ ಅಲ್ಲ, ಮಾಡೆಲ್‌ಗೆ ಒಳ್ಳೆ ಸಾಲಗಾರ ಯಾರು, ಕೆಟ್ಟ ಸಾಲಗಾರ ಯಾರು ಅನ್ನುವುದೇ ಗೊತ್ತಾಗುತ್ತಿಲ್ಲ ಅಂತ ಅರ್ಥ.

ಟ್ರೇಡಿಂಗ್ ಕಡೆ ಇದು ಇನ್ನೂ ಸ್ಪಷ್ಟ. ನಾಳೆಯ ನಷ್ಟ ಇಷ್ಟನ್ನು ಮೀರುವುದಿಲ್ಲ ಅಂತ ಶೇ. 99 ಭರವಸೆಯಲ್ಲಿ ದಿನಾ ಒಂದು ಅಂಕಿ ಕೊಡುತ್ತಾರೆ. 250 ದಿನಗಳಲ್ಲಿ ಎರಡು ಮೂರು ಸಲ ಮೀರಿದರೆ ಸಹಜ. ಬಾಸೆಲ್ ಪ್ರಕಾರ ನಾಲ್ಕರವರೆಗೆ ಹಸಿರು, ಐದರಿಂದ ಒಂಬತ್ತು ಹಳದಿ, ಹತ್ತು ಆದರೆ ಕೆಂಪು. ಹಳದಿಗೆ ಹೋದರೆ ಬಂಡವಾಳ ಜಾಸ್ತಿ ಇಡಬೇಕಾಗುತ್ತೆ. ಮಾಡೆಲ್ ತಪ್ಪಿದರೆ ದುಡ್ಡಿನಲ್ಲೇ ದಂಡ.

ನಮ್ಮ ತಂಡಕ್ಕೆ ಸಂದರ್ಶನ ಮಾಡುವಾಗ ನಾನು ಕೇಳುವುದೂ ಇದನ್ನೇ. "ಈ ಅಂಕಿ ತಪ್ಪಾಗಿದ್ದರೆ ನಿಮಗೆ ಹೇಗೆ ಗೊತ್ತಾಗುತ್ತೆ?" ಪ್ರಾಜೆಕ್ಟಿನಿಂದ ಬಂದವರು ರಿಸ್ಕ್ ಹುಡುಕುವುದರಲ್ಲಿ, ಜವಾಬ್ದಾರಿ ಹಂಚುವುದರಲ್ಲಿ ಬಹಳ ಚುರುಕು. ಈ ಪ್ರಶ್ನೆಗೆ ಮಾತ್ರ ತಡವರಿಸುತ್ತಾರೆ. ಅವರನ್ನು ಯಾರೂ ಇದನ್ನು ಕೇಳಿರುವುದಿಲ್ಲ.

ಲೆಡ್ಜರ್ ಅವರಿಗೆ ಒಂದು ಮಾತು. 0.15 ನಿಯಮದಲ್ಲಿ ಕೊಟ್ಟ ಅಂಕಿ. ನಾನು ನೋಡಿದ ಗೃಹ ಸಾಲದ ಡೇಟಾದಲ್ಲಿ ಅಷ್ಟು ಬರುವುದಿಲ್ಲ, ಅದಕ್ಕಿಂತ ಸಾಕಷ್ಟು ಕಡಿಮೆ.

ಹಳೇ_ಲೆಡ್ಜರ್

ನಿಮ್ಮ ಡೇಟಾದಲ್ಲಿ ಮನೆ ಬೆಲೆ ಜೋರಾಗಿ ಬಿದ್ದ ವರ್ಷ ಇದೆಯಾ? ಒಳ್ಳೆ ವರ್ಷಗಳ ಡೇಟಾ ಮಾತ್ರ ನೋಡಿದರೆ ಯಾವ ಪುಸ್ತಕದಲ್ಲೂ ಕಡಿಮೆಯೇ ಬರುತ್ತೆ. ಅಮೆರಿಕದಲ್ಲಿ 2007ಕ್ಕೆ ಮೊದಲು ಮನೆ ಸಾಲಗಳ ಲೆಕ್ಕ ಹಾಕಿದವರೂ ಊರಿಂದ ಊರಿಗೆ ಸಂಬಂಧ ಕಡಿಮೆ ಅಂತಲೇ ನಂಬಿದ್ದರು. ಆಮೇಲೆ ದೇಶದ ತುಂಬ ಬೆಲೆ ಒಟ್ಟಿಗೆ ಬಿತ್ತು. ನಾನು 0.15 ಜಾಸ್ತಿ ಅನ್ನಲಾರೆ.

ಅಂಕಿ_ಸಂಖ್ಯೆ

ಅಂಥ ವರ್ಷ ಇದೆ. ಆದರೂ ಕಡಿಮೆ. ಇದರಲ್ಲಿ ನಮ್ಮಿಬ್ಬರ ಅಭಿಪ್ರಾಯ ಬೇರೆ, ಇರಲಿ. ಕಟ್‌ಓವರ್ ಅವರ ಪ್ರಶ್ನೆ ಇದರಲ್ಲಿ ಕಳೆದುಹೋಗುವುದು ಬೇಡ.

ಕ್ಲೇಮ್_ಡೆಸ್ಕ್

ನನ್ನದೂ ಒಂದು ಕೇಳಿಬಿಡ್ತೀನಿ, ಬೇಸರ ಮಾಡಿಕೊಳ್ಳಬೇಡಿ. ನಾನು ವಿಮಾ ಕಂಪನಿಯಲ್ಲಿ ವಾಹನ ಕ್ಲೇಮ್ ನೋಡುತ್ತೇನೆ. ನಮ್ಮ ಮ್ಯಾನೇಜರ್ ಎಲ್ಲರಿಗೂ ಎಫ್‌ಆರ್‌ಎಂ ಮಾಡಿ ಅಂತ ಹೇಳುತ್ತಿದ್ದಾರೆ. ಪುಸ್ತಕ ತಂದೆ. ಸ್ವಾಪ್, ಆಪ್ಷನ್, ಬಾಂಡ್ ಅಂತ ಪುಟಗಟ್ಟಲೆ ಇದೆ. ನನ್ನ ಟೇಬಲ್ ಮೇಲೆ ಇರುವುದು ಗಾಡಿ ಗುದ್ದಿದ್ದು, ಕಾಲು ಮುರಿದಿದ್ದು, ಕೋರ್ಟ್ ಕೇಸ್. ಮೂರು ವರ್ಷದ ಹಿಂದಿನ ಅಪಘಾತಕ್ಕೆ ಈಗಲೂ ಎಷ್ಟು ಕೊಡಬೇಕು ಅಂತ ಗೊತ್ತಿಲ್ಲ. ಪುಸ್ತಕದಲ್ಲಿ ನನ್ನ ಕೆಲಸ ಎಲ್ಲಿದೆ ಅಂತ ಹುಡುಕುತ್ತಿದ್ದೇನೆ.

ಅಂಕಿ_ಸಂಖ್ಯೆ

ಮೊದಲ ಭಾಗದಲ್ಲಿ ವಿಮೆ ಮತ್ತು ಪಿಂಚಣಿ ಬಗ್ಗೆ ಒಂದು ಅಧ್ಯಾಯ ಇದೆ. ಮುಖ್ಯವಾಗಿ ಅಷ್ಟೆ. ಎಫ್‌ಆರ್‌ಎಂ ಹುಟ್ಟಿದ್ದೇ ಬ್ಯಾಂಕ್ ಮತ್ತು ಟ್ರೇಡಿಂಗ್ ಜನರಿಗಾಗಿ. ಗಾರ್ಪ್ ಸಂಸ್ಥೆ ಅದರ ಮೊದಲ ಪರೀಕ್ಷೆ ನಡೆಸಿದ್ದು 1997ರಲ್ಲಿ.

ನಿಮ್ಮ ಟೇಬಲ್‌ನ ರಿಸ್ಕ್ ಬೇರೆ ಥರದ್ದು. ಬ್ಯಾಂಕ್ ಸಾಲ ಕೊಟ್ಟಾಗ ಹೆಚ್ಚೆಂದರೆ ಎಷ್ಟು ಹೋಗುತ್ತೆ ಅಂತ ಗೊತ್ತು, 10 ಲಕ್ಷ. ಹೋಗುತ್ತಾ ಇಲ್ಲವಾ ಅನ್ನುವುದು ಪ್ರಶ್ನೆ. ನೀವು ಪ್ರೀಮಿಯಂ ಮೊದಲೇ ತೆಗೆದುಕೊಂಡಿದ್ದೀರಿ, ಅಪಘಾತವೂ ಆಗಿಹೋಗಿದೆ, ಆದರೂ ಮೊತ್ತ ಗೊತ್ತಿಲ್ಲ. ಇನ್ನೂ ದಾಖಲಾಗದ ಕ್ಲೇಮ್‌ಗಳೂ ಹೊರಗಿವೆ. ಅದಕ್ಕೆ ಎತ್ತಿಡುವ ಹಣ ಕಡಿಮೆ ಬಿದ್ದರೆ ಅದು ಗೊತ್ತಾಗುವುದು ವರ್ಷಗಳ ನಂತರ. ವಿಮಾ ಕಂಪನಿ ಕೆಡುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ಲಾಭ ಬರುತ್ತಿದೆ ಅಂತಲೇ ಕಾಣುತ್ತಿರುತ್ತೆ.

ಯುರೋಪಿನ ಸಾಲ್ವೆನ್ಸಿ 2 ನಿಯಮ 2016ರಿಂದ ಜಾರಿಯಲ್ಲಿದೆ. ಅದರಲ್ಲಿ ಒಂದು ವರ್ಷಕ್ಕೆ ಶೇ. 99.5 ಲೆಕ್ಕ, ಅಂದರೆ ಇನ್ನೂರು ವರ್ಷಕ್ಕೊಮ್ಮೆ ಬರುವ ಕೆಟ್ಟ ವರ್ಷ. ಅಲ್ಲಿ ರಿಸ್ಕ್‌ಗಳನ್ನು ಕೂಡಿಸುವ ರೀತಿ ನೋಡಿ. ಹೂಡಿಕೆಯ ಕಡೆಯಿಂದ 60 ಕೋಟಿ, ವಿಮೆಯ ಕಡೆಯಿಂದ 80 ಕೋಟಿ ಬಂತು ಅಂದುಕೊಳ್ಳಿ. ಸುಮ್ನೆ ಕೂಡಿದರೆ 140. ಆದರೆ ಷೇರು ಪೇಟೆ ಬೀಳುವುದು, ಅಪಘಾತ ಜಾಸ್ತಿ ಆಗುವುದು ಎರಡೂ ಒಂದೇ ವರ್ಷ ಅಷ್ಟೇ ಜೋರಾಗಿ ಆಗುವುದು ಅಪರೂಪ. ನಿಯಮದಲ್ಲಿ ಆ ಎರಡರ ನಡುವೆ 0.25 ಸಂಬಂಧ ಕೊಟ್ಟಿದ್ದಾರೆ. ಲೆಕ್ಕ ಹಾಕಿದರೆ 111 ಕೋಟಿ ಬರುತ್ತೆ. ಈ 29 ಕೋಟಿ ವ್ಯತ್ಯಾಸವನ್ನು ನಂಬಬಹುದಾ ಅನ್ನುವುದೇ ವಿಮಾ ರಿಸ್ಕ್ ವಿಭಾಗದ ವರ್ಷದ ಚರ್ಚೆ.

ಅರ್ಹತೆ ಬಗ್ಗೆ ಹೇಳುವುದಾದರೆ, ನೀವು ಆಕ್ಚುಯರಿ, ಅಂದರೆ ವಿಮೆಯ ಗಣಿತಜ್ಞರ ದಾರಿಯಲ್ಲಿದ್ದರೆ ಸಿಇಆರ್‌ಎ ಅನ್ನುವ ರಿಸ್ಕ್ ಅರ್ಹತೆ ಇದೆ. 2009ರಲ್ಲಿ ಹಲವು ದೇಶಗಳ ಆಕ್ಚುಯರಿ ಸಂಸ್ಥೆಗಳು ಒಪ್ಪಂದ ಮಾಡಿಕೊಂಡು ಅದನ್ನು ಜಾಗತಿಕ ಅರ್ಹತೆ ಮಾಡಿದವು. ಆದರೆ ಆಕ್ಚುಯರಿ ಪರೀಕ್ಷೆಗಳಿಲ್ಲದೆ ನೇರವಾಗಿ ಅದಕ್ಕೆ ಹೋಗಲಾಗುವುದಿಲ್ಲ. ಕ್ಲೇಮ್, ಅಂಡರ್‌ರೈಟಿಂಗ್ ಕಡೆಯವರು ಎಆರ್‌ಎಂ ಅನ್ನುವ ಅರ್ಹತೆ ಮಾಡುತ್ತಾರೆ. ಅದರಲ್ಲಿ ಗಣಿತ ಕಡಿಮೆ, ವಿಮೆಯ ಭಾಷೆ ಜಾಸ್ತಿ. ಕಂಪನಿಯ ಹೂಡಿಕೆ ವಿಭಾಗಕ್ಕೆ ಹೋಗುವ ಆಸೆ ಇದ್ದರೆ ಮಾತ್ರ ಎಫ್‌ಆರ್‌ಎಂ ಓದಿ.

ಕ್ಲೇಮ್_ಡೆಸ್ಕ್

ಥ್ಯಾಂಕ್ಸ್. ಮ್ಯಾನೇಜರಿಗೆ ಇದನ್ನು ಹೇಗೆ ಹೇಳುವುದು ಅನ್ನುವುದು ಈಗ ನನ್ನ ಸಮಸ್ಯೆ.

ಕಟ್‌ಓವರ್_ರಾತ್ರಿ

ಎಲ್ಲ ಎರಡು ಸಲ ಓದಿದೆ. ಎಕ್ಸೆಲ್‌ನಲ್ಲಿ ಹಾಕಿದೆ, 0.176 ಬಂತು. 0.15 ಇದ್ದ ಜಾಗದಲ್ಲಿ 0.05 ಹಾಕಿದರೆ ಬಹಳ ಕಡಿಮೆ ಬರುತ್ತೆ. ನೀವಿಬ್ಬರೂ ಯಾಕೆ ಅದರ ಬಗ್ಗೆ ಜಗಳ ಆಡಿದಿರಿ ಅಂತ ಗೊತ್ತಾಯಿತು.

ಒಂದು ವಿಷಯ ಮೊದಲು ಹೇಳಬೇಕಿತ್ತು. ಖಾಲಿ ಇರುವ ಜಾಗ ಸಾಲದ ಮಾಡೆಲ್ ಕಡೆ ಅಲ್ಲ, ಆಪರೇಷನಲ್ ರಿಸ್ಕ್ ಕಡೆ, ಅಂದರೆ ಕೆಲಸದ ತಪ್ಪು, ಸಿಸ್ಟಂ ತೊಂದರೆ, ವಂಚನೆಯಿಂದ ಆಗುವ ನಷ್ಟ ನೋಡುವುದು. ಆಗಲೂ ನನ್ನ ಪ್ರಾಜೆಕ್ಟ್ ಅನುಭವ ವ್ಯರ್ಥವಾ?

ಹಳೇ_ಲೆಡ್ಜರ್

ಆಗ ನನ್ನ ಉತ್ತರ ಸ್ವಲ್ಪ ಬದಲಾಗುತ್ತೆ. ವ್ಯರ್ಥ ಅಲ್ಲ, ಅಲ್ಲಿ ನಿಮ್ಮ ಅನುಭವಕ್ಕೆ ಬೆಲೆ ಇದೆ. ಆದರೆ ರಿಜಿಸ್ಟರ್ ಅಲ್ಲಿ ಬೇರೆ ರೀತಿ ಬದುಕುತ್ತೆ.

ನಿಮ್ಮದೇ ಸಾಲು ತೆಗೆದುಕೊಳ್ಳಿ. ಡೇಟಾ ಸರಿಯಾಗಿ ಕೂರದಿರುವುದು. ಹೊಸ ಸಿಸ್ಟಂಗೆ ಕಟ್‌ಓವರ್ ಆಯಿತು, ಬಾಕಿ ಮೊತ್ತಗಳು ಹೊಂದಿದವು, ನೀವು ಆ ಸಾಲನ್ನು ಮುಚ್ಚಿದಿರಿ. ಪ್ರಾಜೆಕ್ಟಿನ ದೃಷ್ಟಿಯಿಂದ ಅದು ಸರಿ. ಎಂಟು ತಿಂಗಳ ನಂತರ ಗೊತ್ತಾಗುತ್ತೆ, ಹಳೆ ಸಿಸ್ಟಂನಲ್ಲಿ ಬಡ್ಡಿ ದಿನದ ಬಾಕಿ ಮೇಲೆ ಹಾಕುತ್ತಿದ್ದ ಒಂದಷ್ಟು ಖಾತೆಗಳಿಗೆ ಹೊಸದರಲ್ಲಿ ತಿಂಗಳ ಬಾಕಿ ಮೇಲೆ ಬಿದ್ದಿದೆ. ಗ್ರಾಹಕರಿಗೆ ಹಣ ವಾಪಸ್ ಕೊಡಬೇಕು. ಅಷ್ಟರಲ್ಲಿ ಪ್ರಾಜೆಕ್ಟೇ ಇಲ್ಲ. ತಂಡ ಚದುರಿದೆ.

ಆ ನಷ್ಟ ಬರುವುದು ಆಪರೇಷನಲ್ ರಿಸ್ಕ್ ವಿಭಾಗದ ಟೇಬಲ್‌ಗೆ. ನಷ್ಟದ ದಾಖಲೆಯಲ್ಲಿ ಅದನ್ನು ಬರೆಯಬೇಕು. ಬಾಸೆಲ್‌ನಲ್ಲಿ ಏಳು ಬಗೆಯ ಘಟನೆಗಳಿವೆ, ಇದು ಕೆಲಸದ ನಿರ್ವಹಣೆಯಲ್ಲಿ ಆದ ತಪ್ಪು ಅನ್ನುವ ಬಗೆಗೆ ಹೋಗುತ್ತೆ. ಸಿಸ್ಟಂ ನಿಂತುಹೋಗಿ ಶಾಖೆ ಮುಚ್ಚಿದ್ದರೆ ಬೇರೆ ಬಗೆ. ಯಾವ ದಿನ ಆಯಿತು, ಯಾವ ದಿನ ಗೊತ್ತಾಯಿತು, ಯಾವ ದಿನ ಲೆಕ್ಕಕ್ಕೆ ಹತ್ತಿತು ಅಂತ ಮೂರು ದಿನಾಂಕ ಬೇಕು. ಹೊಸ ಬಾಸೆಲ್ ವಿಧಾನದಲ್ಲಿ 20,000 ಯೂರೋಗೆ ಮೇಲಿನ ನಷ್ಟಗಳ ಹತ್ತು ವರ್ಷದ ದಾಖಲೆ ಬಂಡವಾಳದ ಲೆಕ್ಕಕ್ಕೆ ಸೇರುತ್ತೆ. ಆ ಮಿತಿಯನ್ನು ದೇಶದ ನಿಯಂತ್ರಕರು ಏರಿಸಬಹುದು, ಒಂದು ಲಕ್ಷ ಯೂರೋವರೆಗೆ.

ಪ್ರಾಜೆಕ್ಟಿನಿಂದ ಬಂದವರಲ್ಲಿ ನಾನು ಕಂಡ ಒಂದು ಅಭ್ಯಾಸ, ಸಾಲು ಮುಚ್ಚುವ ಆತುರ. ಅಲ್ಲಿ ಮುಚ್ಚಿದ ಸಾಲು ಅಂದರೆ ಗೆಲುವು. ಇಲ್ಲಿ ಎಲ್ಲ ಸಾಲೂ ಹಸಿರು ಇದ್ದರೆ ನಾನು ಮೊದಲು ನಷ್ಟದ ದಾಖಲೆ ತೆಗೆದು ನೋಡುತ್ತೇನೆ. ಶಾಖೆಯವರು ತಮ್ಮ ನಿಯಂತ್ರಣ ಚೆನ್ನಾಗಿದೆ ಅಂತ ತಾವೇ ಅಂಕ ಕೊಟ್ಟುಕೊಂಡಿರುತ್ತಾರೆ, ಅದೇ ಶಾಖೆಯಿಂದ ಅದೇ ಬಗೆಯ ನಷ್ಟ ಮೂರು ಸಲ ದಾಖಲಾಗಿರುತ್ತೆ. ಅಂಕ ಸುಳ್ಳು ಅಂತ ಗೊತ್ತಾಗುವುದು ಹಾಗೆ.

ಇನ್ನೊಂದು ಸಣ್ಣ ವಿಷಯ. ಪಿಎಂಐ ಲೆಕ್ಕದಲ್ಲಿ ರಿಸ್ಕ್ ಅಂದರೆ ಒಳ್ಳೆಯದೂ ಆಗಬಹುದು, ಕೆಲಸ ಬೇಗ ಮುಗಿಯುವ ಅವಕಾಶವನ್ನೂ ರಿಜಿಸ್ಟರ್‌ನಲ್ಲಿ ಬರೆಯುತ್ತಾರೆ. ಆಪರೇಷನಲ್ ರಿಸ್ಕ್‌ಗೆ ಬಾಸೆಲ್ ಕೊಟ್ಟ ವಿವರಣೆಯಲ್ಲಿ ನಷ್ಟ ಮಾತ್ರ ಇದೆ. ಸಂದರ್ಶನದಲ್ಲಿ ಅವಕಾಶದ ರಿಸ್ಕ್ ಅಂತ ಶುರು ಮಾಡಿದರೆ ಎದುರಿಗೆ ಕೂತವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ.

ಗಡುವು_ಮುಖ್ಯ

ಹಾಗಾದರೆ ಆಪರೇಷನಲ್ ರಿಸ್ಕ್‌ಗೆ ಆರ್‌ಎಂಪಿ ಸಾಕು ಅಂತಾಯ್ತು ಅಲ್ವಾ? ಎಫ್‌ಆರ್‌ಎಂನಲ್ಲಿ ಅದಕ್ಕೆ ಎಷ್ಟು ಪಾಲು?

ಅಂಕಿ_ಸಂಖ್ಯೆ

ಎರಡನೇ ಭಾಗದಲ್ಲಿ ಶೇ. 20. ಮೊದಲ ಭಾಗದಲ್ಲೂ ಸ್ವಲ್ಪ ಇದೆ. ಅಂದರೆ ಆಪರೇಷನಲ್ ರಿಸ್ಕ್‌ಗಾಗಿ ಮಾತ್ರ ಎಫ್‌ಆರ್‌ಎಂ ಓದಿದರೆ, ಓದಿದ್ದರಲ್ಲಿ ಬಹಳಷ್ಟು ದಿನದ ಕೆಲಸಕ್ಕೆ ಬರುವುದಿಲ್ಲ. ಅದು ನಿಜ. ಆರ್‌ಎಂಪಿಯಲ್ಲಿ ರಿಸ್ಕ್ ಹುಡುಕುವುದು, ವಿಶ್ಲೇಷಣೆ ಸೇರಿ ಅರ್ಧದ ಹತ್ತಿರ ಇದೆ, ಆ ಕೌಶಲ ಉಪಯೋಗಕ್ಕೆ ಬರುತ್ತೆ. ಬಂಡವಾಳ, ನಿಯಮ, ನಷ್ಟದ ದಾಖಲೆ ಮಾತ್ರ ಇಲ್ಲ. "ಸಾಕು" ಅಂತ ನಾನು ಹೇಳಲ್ಲ.

ಹಳೇ_ಲೆಡ್ಜರ್

ನಾನು ಬೇರೆ ಕೋನದಿಂದ ಹೇಳುತ್ತೇನೆ. ಬ್ಯಾಂಕಿನಲ್ಲಿ ಬದಲಾವಣೆಯ ರಿಸ್ಕ್ ಅಂತಲೇ ನೋಡುವ ಜನ ಇರುತ್ತಾರೆ, ಹೊಸ ಸಿಸ್ಟಂ, ಹೊಸ ಉತ್ಪನ್ನ ಬರುವ ಮೊದಲು ಪ್ರಶ್ನೆ ಕೇಳುವವರು. ಆ ಕುರ್ಚಿಗೆ ಆರ್‌ಎಂಪಿ ಚೆನ್ನಾಗಿ ಹೊಂದುತ್ತೆ. ಉಳಿದ ಕುರ್ಚಿಗಳಿಗೆ ಹತ್ತು ವರ್ಷ ಮುಂದೆ ನೋಡಿದರೆ ನಾನು ಎಫ್‌ಆರ್‌ಎಂ ಪರವೇ. ಆಪರೇಷನಲ್ ರಿಸ್ಕ್‌ನಲ್ಲಿ ಶುರು ಮಾಡಿದವರು ಅಲ್ಲೇ ಉಳಿಯಬೇಕು ಅಂತಿಲ್ಲ. ರಿಸ್ಕ್ ಸಮಿತಿಯಲ್ಲಿ ಸಾಲದವರು, ಟ್ರೆಷರಿಯವರು ಮಾತಾಡುವಾಗ ಅರ್ಥವಾಗದಿದ್ದರೆ ಅಲ್ಲಿ ಕೂತು ಪ್ರಯೋಜನ ಇಲ್ಲ. ಅಂಕಿ ಅವರು ಒಪ್ಪಲಿಕ್ಕಿಲ್ಲ.

ಅಂಕಿ_ಸಂಖ್ಯೆ

ಪೂರ್ತಿ ಒಪ್ಪಲ್ಲ. ಆಪರೇಷನಲ್ ರಿಸ್ಕ್‌ನಲ್ಲೇ ಆಳಕ್ಕೆ ಹೋಗುವವರಿಗೆ ಆ ಸಮಯದಲ್ಲಿ ಸಿಸ್ಟಂ ಸುರಕ್ಷತೆ, ವಂಚನೆ ತನಿಖೆ ಕಲಿತರೆ ಜಾಸ್ತಿ ಲಾಭ.

ಕಟ್‌ಓವರ್_ರಾತ್ರಿ

ಇನ್ನೊಂದೇ ಪ್ರಶ್ನೆ. ಅನುಭವದ ದಾಖಲೆ. ಪ್ರಾಜೆಕ್ಟಿನಲ್ಲಿ ಕಳೆದ ಸಮಯ ಎಫ್‌ಆರ್‌ಎಂಗೆ ಲೆಕ್ಕಕ್ಕೆ ಬರುತ್ತಾ?

ಹಳೇ_ಲೆಡ್ಜರ್

ಎರಡರ ಕ್ರಮ ಒಂದಕ್ಕೊಂದು ಉಲ್ಟಾ. ಆರ್‌ಎಂಪಿಗೆ ಅನುಭವ ಮೊದಲು. ಪದವಿ ಇದ್ದರೆ ಕಳೆದ ಐದು ವರ್ಷದಲ್ಲಿ 24 ತಿಂಗಳ ಪ್ರಾಜೆಕ್ಟ್ ರಿಸ್ಕ್ ಕೆಲಸ ಮತ್ತು 30 ಗಂಟೆ ತರಬೇತಿ ತೋರಿಸಿದ ಮೇಲೆಯೇ ಪರೀಕ್ಷೆ. ಐದು ವರ್ಷ ಅನ್ನುವುದನ್ನು ಗಮನಿಸಿ. ಪ್ರಾಜೆಕ್ಟ್ ಬಿಟ್ಟು ರಿಸ್ಕ್ ವಿಭಾಗಕ್ಕೆ ಹೋಗಿ ತಡ ಮಾಡಿದರೆ ನಿಮ್ಮ ಈಗಿನ ಅನುಭವ ಆ ಕಿಟಕಿಯಿಂದ ಜಾರಿಹೋಗುತ್ತೆ. ಪಾಸಾದ ಮೇಲೂ ಮೂರು ವರ್ಷಕ್ಕೊಮ್ಮೆ 30 ಪಿಡಿಯು ಅನ್ನುವ ಕಲಿಕೆಯ ಅಂಕ ಗಳಿಸಿ ನವೀಕರಿಸಬೇಕು.

ಎಫ್‌ಆರ್‌ಎಂಗೆ ಪರೀಕ್ಷೆ ಮೊದಲು, ಯಾರು ಬೇಕಾದರೂ ಕೂರಬಹುದು. ಮೊದಲ ಭಾಗ ಪಾಸಾದ ನಾಲ್ಕು ವರ್ಷದೊಳಗೆ ಎರಡನೆಯದು ಮುಗಿಸಬೇಕು. ಆಮೇಲೆ ಎರಡು ವರ್ಷದ ಪೂರ್ಣಾವಧಿ ಅನುಭವ ತೋರಿಸಿದರೆ ಹೆಸರಿನ ಮುಂದೆ ಹಾಕಿಕೊಳ್ಳಬಹುದು. ಆ ಅನುಭವ ಹಣಕಾಸಿನ ರಿಸ್ಕ್‌ಗೆ ಸಂಬಂಧಪಟ್ಟದ್ದಾಗಿರಬೇಕು. ಬರೀ ಗಡುವು, ಬಜೆಟ್ ನೋಡಿಕೊಂಡೆ ಅಂತ ಬರೆದರೆ ಒಪ್ಪುವುದು ಕಷ್ಟ. ನೀವು ಮೊದಲು ಸಾಲದ ವಿಭಾಗದಲ್ಲಿದ್ದೆ ಅಂದಿರಲ್ಲ, ಅಲ್ಲಿ ಸಾಲ ಪರಿಶೀಲನೆ ಮಾಡಿದ್ದರೆ ಅದನ್ನು ಮೊದಲು ಬರೆಯಿರಿ.

ಕಟ್‌ಓವರ್_ರಾತ್ರಿ

ಸಾಲ ಪರಿಶೀಲನೆಯೇ ಮಾಡುತ್ತಿದ್ದೆ ಸರ್. ಹಾಗಾದರೆ ಆರ್‌ಎಂಪಿಗೆ ಈ ವರ್ಷವೇ ಅರ್ಜಿ ಹಾಕುತ್ತೇನೆ, ಅನುಭವ ಜಾರುವ ಮೊದಲು. ಎಫ್‌ಆರ್‌ಎಂ ಮೊದಲ ಭಾಗಕ್ಕೆ ಮುಂದಿನ ವರ್ಷ. ಗಣಿತ ಬಿಟ್ಟು ಬಹಳ ಕಾಲ ಆಗಿದೆ, ಎಲ್ಲಿಂದ ಶುರು ಮಾಡಲಿ ಅಂತ ಬೇರೆ ಚರ್ಚೆ ತೆರೆಯುತ್ತೇನೆ.

ಅಂಕಿ_ಸಂಖ್ಯೆ

ತೆರೆಯಿರಿ. ಅಲ್ಲಿಗೆ ಬರುವ ಮೊದಲು ಅದೇ ಎಕ್ಸೆಲ್ ಸಾಲಿನಲ್ಲಿ 0.999 ತೆಗೆದು 0.8 ಹಾಕಿ, ಎಷ್ಟು ಸಾಲ ಕೆಡುತ್ತೆ ಅಂತ ನೋಡಿಕೊಂಡು ಬನ್ನಿ. ಮೇಲೆ ನಾನು ಹೇಳಿದ 31 ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ.